ಅಪರಿಚಿತರಿಗೆ ಲಿಂಕ್ಡ್‌ಇನ್‌ನಲ್ಲಿ ಮೊದಲ ಸಂದೇಶ: ಒಂದು ಕರಡನ್ನು ತಿದ್ದಿದ ಬಗೆ

"ನಮಸ್ಕಾರ ಮೇಡಂ, ಹೇಗಿದ್ದೀರಿ? ನಿಮ್ಮ ಪ್ರೊಫೈಲ್ ನೋಡಿ ತುಂಬಾ ಸ್ಫೂರ್ತಿ ಬಂತು. ನಾನು ಸದ್ಯ ಹೊಸ ಅವಕಾಶಗಳ ಹುಡುಕಾಟದಲ್ಲಿದ್ದೇನೆ. ನಿಮ್ಮ ಅಮೂಲ್ಯ ಮಾರ್ಗದರ್ಶನ ಸಿಕ್ಕರೆ ಉಪಕಾರವಾಗುತ್ತದೆ. ಬಿಡುವಿದ್ದಾಗ ಒಂದು ಅರ್ಧ ಗಂಟೆ ಮಾತಾಡಬಹುದೇ? ರೆಸ್ಯೂಮೆ ಲಗತ್ತಿಸಿದ್ದೇನೆ."

ತಿದ್ದಲು ನಮ್ಮ ಕೈಗೆ ಬರುವ ಕರಡುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಇದನ್ನು ಬರೆದವರು ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೆಕ್ಯಾನಿಕಲ್ ಇಂಜಿನಿಯರ್. ಯಂತ್ರ ಕೆಡುವ ಮೊದಲೇ ಅದರ ಕಂಪನ, ಬಿಸಿ, ಸದ್ದು ಅಳೆದು ದೋಷ ಗುರುತಿಸುವ ಕಂಡೀಶನ್ ಮಾನಿಟರಿಂಗ್ ಕೆಲಸಕ್ಕೆ ಹೋಗಬೇಕೆಂಬ ಆಸೆ ಇವರದು. ಸಂದೇಶ ಹೋಗಬೇಕಾದದ್ದು ಅದೇ ಕ್ಷೇತ್ರದಲ್ಲಿ ಹೆಸರು ಮಾಡಿರುವ, ಇವರಿಗೆ ಮುಖಪರಿಚಯವೂ ಇಲ್ಲದ ಒಬ್ಬ ಮಹಿಳೆಗೆ.

ಕರಡಿನಲ್ಲಿ ವಿನಯದ ಪದಗಳಿಗೇನೂ ಕೊರತೆಯಿಲ್ಲ. ಆದರೆ ಇದನ್ನು ಹಾಗೆಯೇ ಒಬ್ಬ ವಕೀಲರಿಗೆ ಕಳಿಸಿದರೂ ನಡೆಯುತ್ತದೆ, ಬ್ಯಾಂಕ್ ಮ್ಯಾನೇಜರಿಗೆ ಕಳಿಸಿದರೂ ನಡೆಯುತ್ತದೆ. ಓದುವವರು ಅದನ್ನು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಜೊತೆಗೆ ಅವರ ತಲೆಯ ಮೇಲೆ ಎಷ್ಟು ಕೆಲಸ ಬಿತ್ತು ನೋಡಿ. ಬರೆದವರು ಯಾರು, ಅವರಿಗೆ ಏನು ಬೇಕು ಎಂದು ತಾವೇ ಊಹಿಸಬೇಕು. ರೆಸ್ಯೂಮೆ ತೆರೆದು ಓದಬೇಕು. ಅರ್ಧ ಗಂಟೆಯ ಬಿಡುವು ಹುಡುಕಬೇಕು. "ಆಗುವುದಿಲ್ಲ" ಎಂದು ಹೇಳುವ ಮುಜುಗರವೂ ಅವರದೇ. ಅಪರಿಚಿತರಿಗೆ ಬರೆಯುವಾಗ ನಿಜವಾದ ಸೌಜನ್ಯ ಈ ಹೊರೆಯನ್ನು ಕಡಿಮೆ ಮಾಡುವುದರಲ್ಲಿದೆ. "ಅಮೂಲ್ಯ" ಎಂಬ ಪದ ಆ ಕೆಲಸ ಮಾಡುವುದಿಲ್ಲ.

ಹಾಗಾಗಿ ವಾಕ್ಯಗಳಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿದೆವು: ಈ ಮಹಿಳೆಗೇ ಯಾಕೆ? ಮೊದಲು ಬಂದ ಉತ್ತರ "ಅವರು ದೊಡ್ಡ ಹುದ್ದೆಯಲ್ಲಿದ್ದಾರೆ" ಎಂದು. ಅದು ಸಾಲದು. ದೊಡ್ಡ ಹುದ್ದೆಯಲ್ಲಿರುವವರಿಗೆ ಇಂಥ ಸಂದೇಶಗಳು ರಾಶಿಯಾಗಿ ಬರುತ್ತವೆ. ಅಲ್ಲದೆ ಹೊಸಬರನ್ನು ಆರಿಸುವ, ಕಲಿಸುವ ಕೆಲಸ ಈಗ ಅವರ ಕೈಯಲ್ಲೇ ಇಲ್ಲದಿರಬಹುದು. ಕೇಳಬೇಕಾದವರು ಸಾಮಾನ್ಯವಾಗಿ ನಮಗಿಂತ ಎರಡು ಮೂರು ಮೆಟ್ಟಿಲು ಮುಂದಿರುವವರು, ಅಂದರೆ ನಾವು ಸೇರಬೇಕೆಂದಿರುವ ತಂಡವನ್ನು ದಿನವೂ ನಡೆಸುವವರು. ಅವರ ಪ್ರೊಫೈಲ್‌ನಲ್ಲಿ Activity ಎಂಬ ಭಾಗವನ್ನು ತೆರೆದು ನೋಡಬೇಕು. ತಿಂಗಳುಗಟ್ಟಲೆ ಏನೂ ಬರೆಯದ, ಎಲ್ಲೂ ಕಾಮೆಂಟ್ ಹಾಕದ ವ್ಯಕ್ತಿ ಆ ಕಡೆ ತಲೆಹಾಕುವುದೇ ಅಪರೂಪವಿರಬಹುದು. ಅಲ್ಲಿ ನಮ್ಮ ಸಂದೇಶ ಎಷ್ಟು ಚೆನ್ನಾಗಿದ್ದರೂ ಸುಮ್ಮನೆ ಬಿದ್ದಿರುತ್ತದೆ. ಪೋಸ್ಟ್‌ಗಳಿಗಿಂತ ಕಾಮೆಂಟ್‌ಗಳು ಹೆಚ್ಚು ಹೇಳುತ್ತವೆ ಎಂಬುದು ನಮ್ಮ ಅನುಭವ. ಬೇರೆಯವರ ಪ್ರಶ್ನೆಗೆ ತಾಳ್ಮೆಯಿಂದ ಎರಡು ಸಾಲು ಉತ್ತರಿಸಿರುವವರು ನಮಗೂ ಉತ್ತರಿಸುವ ಸಂಭವ ಜಾಸ್ತಿ.

ಈ ಮಹಿಳೆಯ ಚಟುವಟಿಕೆ ನೋಡಿದಾಗ ಕೆಲಸಕ್ಕೆ ಬರುವ ಒಂದು ಪೋಸ್ಟ್ ಸಿಕ್ಕಿತು. ನಿಧಾನವಾಗಿ ತಿರುಗುವ ಯಂತ್ರಗಳಲ್ಲಿ ಮಾಮೂಲಿ ಕಂಪನದ ಅಳತೆಯೊಂದನ್ನೇ ನಂಬಿಕೊಂಡರೆ ಬೇರಿಂಗ್ ದೋಷ ತಡವಾಗಿ ಕಾಣುತ್ತದೆ ಎಂಬುದು ಅದರ ಸಾರ. ವೇಗ ಕಡಿಮೆಯಾದಂತೆ ದೋಷದಿಂದ ಹುಟ್ಟುವ ಕಂಪನವೂ ಕ್ಷೀಣವಾಗುತ್ತದೆ, ಸುತ್ತಲಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ನಮ್ಮ ಇಂಜಿನಿಯರ್ ನೋಡಿಕೊಳ್ಳುವ ಕನ್ವೇಯರ್‌ಗಳು ನಿಧಾನವಾಗಿ ತಿರುಗುವಂಥವೇ. ಅಲ್ಲಿಗೆ "ಈ ಮಹಿಳೆಗೇ ಯಾಕೆ" ಎಂಬುದಕ್ಕೆ ಸರಿಯಾದ ಉತ್ತರ ಸಿಕ್ಕಿತು.

ಮುಂದಿನ ಪ್ರಶ್ನೆ: ಅವರಿಂದ ಬೇಕಾದದ್ದೇನು? "ಮಾರ್ಗದರ್ಶನ" ಎಂದರೆ ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉತ್ತರ ಎಲ್ಲಿಂದ ಶುರುಮಾಡಬೇಕೆಂದು ತೋಚದೆ ಓದಿದವರು "ಆಮೇಲೆ ನೋಡೋಣ" ಎಂದು ಬದಿಗಿಡುತ್ತಾರೆ. ಬಿಡಿಸಿ ಕೇಳುತ್ತಾ ಹೋದಾಗ ಇಂಜಿನಿಯರ್ ತಲೆಯಲ್ಲಿದ್ದ ನಿಜವಾದ ಗೊಂದಲ ಹೊರಬಂತು. ಮುಂದಿನ ಆರು ತಿಂಗಳು ಸಂಜೆ ಹೊತ್ತು ಕಲಿಯಲು ಸಮಯವಿದೆ. ಉಪಕರಣ ಹಿಡಿದು ಅಳತೆ ತೆಗೆಯುವುದನ್ನು ಕಲಿಯಬೇಕೋ, ಪೈಥಾನ್ ಕಲಿತು ದತ್ತಾಂಶ ವಿಶ್ಲೇಷಣೆಗೆ ಇಳಿಯಬೇಕೋ? ಇದು ಒಳ್ಳೆಯ ಪ್ರಶ್ನೆ. ಎರಡರಲ್ಲಿ ಒಂದನ್ನು ಆರಿಸಿ, ಕಾರಣ ಒಂದು ಸಾಲು ಬರೆದರೆ ಉತ್ತರ ಮುಗಿಯಿತು. ಜೊತೆಗೆ ಇದರ ಉತ್ತರ ಎಲ್ಲೋ ಹುಡುಕಿದರೆ ಸಿಗುವಂಥದ್ದಲ್ಲ, ಹೊಸಬರನ್ನು ಕೆಲಸಕ್ಕೆ ತೆಗೆದುಕೊಂಡು ನೋಡಿದವರಿಗೆ ಮಾತ್ರ ಗೊತ್ತಿರುವಂಥದ್ದು. "ಕಂಡೀಶನ್ ಮಾನಿಟರಿಂಗ್ ಅಂದರೇನು, ಹೇಗೆ ಕಲಿಯುವುದು" ಎಂದು ಕೇಳಿದ್ದರೆ ಅದು ಸರ್ಚ್ ಮಾಡಬೇಕಿದ್ದ ಪ್ರಶ್ನೆಯಾಗುತ್ತಿತ್ತು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಬೇಕಾದದ್ದು ಕೆಲಸವೇ ಆಗಿದ್ದರೆ ಕೆಲಸ ಎಂದೇ ಬರೆಯಬೇಕು. ಸಲಹೆ ಕೇಳುವ ನೆಪದಲ್ಲಿ ಪರಿಚಯ ಮಾಡಿಕೊಂಡು, ಉತ್ತರ ಬಂದ ಮರುಕ್ಷಣ ರೆಸ್ಯೂಮೆ ಕಳಿಸಿದರೆ ಎದುರಿನವರಿಗೆ ಮೋಸಹೋದಂತೆ ಅನಿಸುತ್ತದೆ. ಆಮೇಲೆ ಬರುವ ನಾಲ್ಕು ಪ್ರಾಮಾಣಿಕರ ಸಂದೇಶಕ್ಕೂ ಅವರು ಉತ್ತರಿಸುವುದಿಲ್ಲ. "ನಿಮ್ಮ ತಂಡದಲ್ಲಿ ಪ್ರಕಟವಾಗಿರುವ ಈ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ, ಇದರಲ್ಲಿ ಫೀಲ್ಡ್ ಕೆಲಸ ಎಷ್ಟಿರುತ್ತದೆ?" ಎಂದು ನೇರವಾಗಿ ಕೇಳುವುದರಲ್ಲಿ ಯಾವ ಅವಿನಯವೂ ಇಲ್ಲ.

ಬರೆಯುವುದಕ್ಕೆ ಮುಂಚೆ ಇಂಜಿನಿಯರ್ ಅವರ ಸ್ವಂತ ಪ್ರೊಫೈಲನ್ನೂ ತೆರೆದು ನೋಡಿದೆವು. ಯಾಕೆಂದರೆ ಅಪರಿಚಿತರಿಗೆ ಮೊದಲು ಹೋಗುವುದು ಸಂಪರ್ಕದ ಕೋರಿಕೆ ಮತ್ತು ಅದರ ಜೊತೆಗಿನ ಚಿಕ್ಕ ಟಿಪ್ಪಣಿ. ಆ ಕೋರಿಕೆ ಬಂದಾಗ ಎದುರಿನವರ ಕಣ್ಣಿಗೆ ಬೀಳುವುದು ಚಿತ್ರ, ಹೆಸರು ಮತ್ತು ಹೆಸರಿನ ಕೆಳಗಿನ ಹೆಡ್‌ಲೈನ್. ಟಿಪ್ಪಣಿ ಓದುವ ಹೊತ್ತಿಗೆ ಒಂದು ಅಭಿಪ್ರಾಯ ಆಗಲೇ ಮೂಡಿರುತ್ತದೆ. ಇವರ ಹೆಡ್‌ಲೈನ್‌ನಲ್ಲಿ "ಹೊಸ ಅವಕಾಶಗಳ ನಿರೀಕ್ಷೆಯಲ್ಲಿ" ಎಂದಷ್ಟೇ ಇತ್ತು. ಟಿಪ್ಪಣಿಯಲ್ಲಿ ಬೇರಿಂಗ್ ಮಾತು, ಹೆಡ್‌ಲೈನ್‌ನಲ್ಲಿ ಅದರ ಸುಳಿವೂ ಇಲ್ಲ ಎಂದರೆ ಓದುವವರಿಗೆ ಅನುಮಾನ ಬರುತ್ತದೆ. ಹೆಡ್‌ಲೈನ್‌ಗೆ 220 ಅಕ್ಷರಗಳವರೆಗೆ ಜಾಗವಿದೆ, ಅಷ್ಟೂ ತುಂಬಿಸಬೇಕಾಗಿಲ್ಲ. "ಮೇಂಟೆನೆನ್ಸ್ ಇಂಜಿನಿಯರ್, ಕನ್ವೇಯರ್ ಮತ್ತು ಗೇರ್‌ಬಾಕ್ಸ್" ಎಂದು ಬದಲಿಸಿದೆವು. ಅಷ್ಟು ಸಾಕಾಯಿತು. ಇಬ್ಬರಿಗೂ ಪರಿಚಿತರಾದವರ ಪಟ್ಟಿಯನ್ನೂ ನೋಡಿಕೊಳ್ಳಬೇಕು. ಈಗಿನ ಮೇಲಧಿಕಾರಿ ಅದರಲ್ಲಿದ್ದರೆ, ಕೆಲಸ ಬದಲಿಸುವ ಮಾತನ್ನು ಯಾರಿಗೆ ಬರೆಯುತ್ತಿದ್ದೇವೆ ಎಂಬ ಎಚ್ಚರ ಇರಬೇಕು.

ಇನ್ನು ಟಿಪ್ಪಣಿ. ಹಣ ಕಟ್ಟದ ಖಾತೆಯಲ್ಲಿ ಕೋರಿಕೆಯ ಜೊತೆ ಬರೆಯಲು 200 ಅಕ್ಷರಗಳ ಮಿತಿಯಿದೆ, ಪ್ರೀಮಿಯಂ ಖಾತೆಗೆ 300. ಉಚಿತ ಖಾತೆಯಿಂದ ತಿಂಗಳಿಗೆ ಕೆಲವೇ ಕೋರಿಕೆಗಳಿಗೆ ಟಿಪ್ಪಣಿ ಸೇರಿಸಲು ಬಿಡುತ್ತಾರೆ, ಆದ್ದರಿಂದ ಒಂದೊಂದನ್ನೂ ಜೋಪಾನವಾಗಿ ಖರ್ಚು ಮಾಡಬೇಕು. ಫೈಲ್ ಲಗತ್ತಿಸಲು ಇಲ್ಲಿ ಜಾಗವೇ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಲೆಕ್ಕವಿದೆ. ಕಂಪ್ಯೂಟರ್ ಗುಣಿತ, ಒತ್ತು, ಅನುಸ್ವಾರ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. "ನಮಸ್ಕಾರ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಆ ಲೆಕ್ಕದಲ್ಲಿ ಏಳು. ಹಾಗಾಗಿ 200 ಎಂದರೆ ಕನ್ನಡದಲ್ಲಿ ಇಪ್ಪತ್ತೈದರ ಆಸುಪಾಸಿನ ಪದಗಳು. ಎದುರಿನವರು ಕನ್ನಡದಲ್ಲೇ ಬರೆಯುತ್ತಾರೆ ಎಂದು ಅವರ ಪೋಸ್ಟ್‌ಗಳಿಂದ ಗೊತ್ತಾಗಿದ್ದರೆ ಮಾತ್ರ ಕನ್ನಡದಲ್ಲಿ ಬರೆಯುವುದು ಸರಿ. ಹೆಸರು ನೋಡಿ ಭಾಷೆ ಊಹಿಸಬಾರದು. ಹೆಸರು ನೋಡಿ ಸರ್ ಅಥವಾ ಮೇಡಂ ಎಂದು ಊಹಿಸುವುದೂ ಅಪಾಯವೇ. ಅನುಮಾನವಿದ್ದಲ್ಲಿ ಪ್ರೊಫೈಲ್‌ನಲ್ಲಿರುವ ಹೆಸರನ್ನು ಅದೇ ಕಾಗುಣಿತದಲ್ಲಿ ಬರೆದು "ಅವರಿಗೆ ನಮಸ್ಕಾರ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ.

ಕೊನೆಗೆ ನಿಂತ ಟಿಪ್ಪಣಿ ಇದು:

"ನಮಸ್ಕಾರ ಮೇಡಂ. ನಿಧಾನಗತಿಯ ಬೇರಿಂಗ್ ಬಗ್ಗೆ ನೀವು ಬರೆದದ್ದು ಓದಿದೆ. ನಾನು 4 ವರ್ಷದಿಂದ ಮೇಂಟೆನೆನ್ಸ್‌ನಲ್ಲಿದ್ದೇನೆ, ಕಂಡೀಶನ್ ಮಾನಿಟರಿಂಗ್‌ಗೆ ಬರಬೇಕೆಂದಿದ್ದೇನೆ. ಮೊದಲು ಅಳತೆ ಕಲಿಯಲೋ, ಪೈಥಾನೋ ಎಂಬ ಒಂದು ಪ್ರಶ್ನೆ ಇದೆ."

ಆ ಲೆಕ್ಕದಲ್ಲಿ ಇದು ಸುಮಾರು 185 ಅಕ್ಷರ. ನಿಮ್ಮನ್ನೇ ಯಾಕೆ ಹುಡುಕಿ ಬಂದೆ, ನಾನು ಯಾರು, ನನಗೇನು ಬೇಕು ಎಂಬ ಮೂರೂ ಇದರಲ್ಲಿವೆ, ಅದೇ ಅನುಕ್ರಮದಲ್ಲಿ. "ಹೇಗಿದ್ದೀರಿ" ಹೋಯಿತು. ಪರಿಚಯವಿಲ್ಲದವರು ಅದಕ್ಕೆ ಏನೆಂದು ಉತ್ತರಿಸಬೇಕು? "ಸ್ಫೂರ್ತಿ ಬಂತು" ಎಂಬುದೂ ಹೋಯಿತು. ಪೋಸ್ಟ್‌ನ ವಿಷಯವನ್ನು ಹೆಸರಿಸಿದ್ದೇ ಅದಕ್ಕಿಂತ ದೊಡ್ಡ ಮರ್ಯಾದೆ. ಮೊದಲು "ಒಂದು ಪ್ರಶ್ನೆ ಕೇಳಬಹುದೇ?" ಎಂದು ಮುಗಿಸಿದ್ದೆವು. ಅದು ವಿನಯವಾಗಿ ಕಂಡರೂ, ಪ್ರಶ್ನೆ ಎಂಥದ್ದೋ ಏನೋ ಎಂದು ಎದುರಿನವರು ಹಿಂಜರಿಯುತ್ತಾರೆ. ಪ್ರಶ್ನೆಯ ರೂಪ ಮೊದಲೇ ಕಂಡರೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂದು ಗೊತ್ತಾಗುತ್ತದೆ.

ಕಳಿಸುವ ಹೊತ್ತಿನಲ್ಲಿ ಆಗುವ ಅನಾಹುತ ಒಂದಿದೆ. ಹುಡುಕಾಟದ ಪಟ್ಟಿಯಲ್ಲಿ ಅಥವಾ ಸಲಹೆಯಾಗಿ ಬರುವ ಹೆಸರುಗಳ ಪಕ್ಕದಲ್ಲಿರುವ Connect ಒತ್ತಿದರೆ ಕೋರಿಕೆ ಟಿಪ್ಪಣಿಯಿಲ್ಲದೆ ಹಾಗೆಯೇ ಹೊರಟುಬಿಡಬಹುದು. ಫೋನಿನಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಯಾವಾಗಲೂ ಪ್ರೊಫೈಲ್ ಪುಟವನ್ನೇ ತೆರೆದು ಅಲ್ಲಿಂದ ಕಳಿಸಬೇಕು. ಕಂಪ್ಯೂಟರಿನಲ್ಲಾದರೆ Connect ಒತ್ತಿದ ಮೇಲೆ Add a note ಎಂದು ಕೇಳುತ್ತದೆ. ಕೆಲವರ ಪುಟದಲ್ಲಿ Follow ಮಾತ್ರ ಎದ್ದು ಕಾಣುತ್ತದೆ, Connect ಪಕ್ಕದ More ಒಳಗೆ ಇರುತ್ತದೆ. ತಪ್ಪಿ ಖಾಲಿ ಕೋರಿಕೆ ಹೋದರೆ ಗಾಬರಿಯಾಗಿ ಹಿಂಪಡೆಯಲು ಹೋಗಬೇಡಿ. ಹಿಂಪಡೆದರೆ ಅದೇ ವ್ಯಕ್ತಿಗೆ ಮತ್ತೆ ಕೋರಿಕೆ ಕಳಿಸಲು ಮೂರು ವಾರದವರೆಗೆ ಕಾಯಬೇಕಾಗುತ್ತದೆ. ಅದರ ಬದಲು ಕೋರಿಕೆಯನ್ನು ಇದ್ದಂತೆ ಬಿಟ್ಟು, ಅವರ ಪೋಸ್ಟ್‌ನ ಕೆಳಗೆ ವಿಷಯಕ್ಕೆ ಸಂಬಂಧಿಸಿದ ಒಂದು ಒಳ್ಳೆಯ ಕಾಮೆಂಟ್ ಬರೆಯುವುದು ಮೇಲು. ಹೆಸರು ಕಂಡಾಗ ಅವರಿಗೆ ನೆನಪಾಗುತ್ತದೆ. ತಿಂಗಳ ಟಿಪ್ಪಣಿಗಳು ಮುಗಿದಿದ್ದರೂ ಇದೇ ದಾರಿ.

ಪ್ರೀಮಿಯಂ ಇರುವವರಿಗೆ ಇನ್‌ಮೇಲ್ ಇದೆ, ಕೋರಿಕೆ ಒಪ್ಪಿಸಿಕೊಳ್ಳದೆಯೇ ಉದ್ದದ ಸಂದೇಶ ಕಳಿಸಬಹುದು. 90 ದಿನದೊಳಗೆ ಪ್ರತಿಕ್ರಿಯೆ ಬಂದರೆ ಖರ್ಚಾದ ಕ್ರೆಡಿಟ್ ವಾಪಸ್ ಸಿಗುತ್ತದೆ. ಆದರೂ ಈ ಕೆಲಸಕ್ಕೆ ಅದು ಬೇಕೆಂದು ನಮಗೆ ಅನ್ನಿಸುವುದಿಲ್ಲ. ಜಾಗ ಹೆಚ್ಚಿದಷ್ಟೂ ಜನ ತಮ್ಮ ಜೀವನಚರಿತ್ರೆ ಬರೆಯುತ್ತಾರೆ.

ಕೋರಿಕೆ ಒಪ್ಪಿದ ಮೇಲೆ ಆ ಟಿಪ್ಪಣಿಯೇ ಸಂದೇಶಗಳ ಪೆಟ್ಟಿಗೆಯಲ್ಲಿ ಮೊದಲ ಸಂದೇಶವಾಗಿ ಕೂರುತ್ತದೆ. ಆದ್ದರಿಂದ ಎರಡನೆಯದರಲ್ಲಿ ಪರಿಚಯವನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಒಪ್ಪಿದ ಒಂದೆರಡು ದಿನದೊಳಗೆ ಬರೆಯಬೇಕು, ವಾರ ಕಳೆದರೆ ಯಾರಿವರು ಎಂದು ಅವರು ಮತ್ತೆ ಹುಡುಕಬೇಕಾಗುತ್ತದೆ. ನಾವು ಕಳಿಸಿದ್ದು ಹೀಗಿತ್ತು:

"ನಮಸ್ಕಾರ ಮೇಡಂ, ಕೋರಿಕೆ ಒಪ್ಪಿದ್ದಕ್ಕೆ ಧನ್ಯವಾದ.

ನಿಧಾನವಾಗಿ ತಿರುಗುವ ಯಂತ್ರಗಳಲ್ಲಿ ಮಾಮೂಲಿ ಕಂಪನದ ಅಳತೆ ಸಾಲದು ಎಂದು ನೀವು ಬರೆದಿದ್ದಿರಿ. ಕನ್ವೇಯರ್‌ಗಳ ಜೊತೆ ಕೆಲಸ ಮಾಡುವ ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಮುಂದಿನ ಆರು ತಿಂಗಳು ಸಂಜೆ ಹೊತ್ತು ಕಲಿಯಲು ಸಮಯವಿದೆ. ಎರಡು ದಾರಿ ಕಾಣುತ್ತಿವೆ: ಉಪಕರಣದಿಂದ ಅಳತೆ ತೆಗೆದು ಓದುವುದು, ಇಲ್ಲವೇ ಪೈಥಾನ್‌ನಲ್ಲಿ ದತ್ತಾಂಶ ವಿಶ್ಲೇಷಣೆ. ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ನೀವು ಮೊದಲು ನೋಡುವುದು ಇವೆರಡರಲ್ಲಿ ಯಾವುದನ್ನು?

ಒಂದು ಸಾಲಿನ ಉತ್ತರ ಸಾಕು. ಬಿಡುವಿಲ್ಲದಿದ್ದರೆ ಪರವಾಗಿಲ್ಲ."

ಎರಡನೆಯ ಪ್ಯಾರಾದಲ್ಲಿ ಇಂಜಿನಿಯರ್ ಮೊದಲು ಬರೆದದ್ದು ಬೇರೆಯೇ ಇತ್ತು. ತಮ್ಮ ಕಾರ್ಖಾನೆಯಲ್ಲಿ ಯಾವ ಕನ್ವೇಯರ್ ಯಾವಾಗ ನಿಂತಿತು, ಎಷ್ಟು ನಷ್ಟವಾಯಿತು ಎಂದು ವಿವರವಾಗಿ ಹೇಳಿದ್ದರು. ಅದನ್ನು ತೆಗೆಸಿದೆವು. ಅವರ ಪ್ರೊಫೈಲ್‌ನಲ್ಲಿ ಕಂಪನಿಯ ಹೆಸರಿದೆ, ಕಂಪನಿಯ ಒಳಗಿನ ಸಂಗತಿ ಅಪರಿಚಿತರ ಕೈಗೆ ಹೋದಂತಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಇಂದು ಈಗಿನ ಕಂಪನಿಯ ಕಥೆ ಹೇಳುವವರು ನಾಳೆ ನಮ್ಮ ಕಥೆಯನ್ನೂ ಹೇಳಿಯಾರು ಎಂದು ಓದುವವರಿಗೆ ಅನಿಸದೆ ಇರದು.

"ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ" ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದು. "ಯಾವುದು ಒಳ್ಳೆಯದು" ಎಂದು ಕೇಳಿದರೆ "ಎರಡೂ ಒಳ್ಳೆಯದೇ" ಎಂಬ ಉತ್ತರ ಬರುತ್ತದೆ. ಅವರು ಸ್ವತಃ ಮಾಡುವ ಒಂದು ನಿರ್ಧಾರದ ಬಗ್ಗೆ ಕೇಳಿದಾಗ ನೆನಪಿನಿಂದ ನೇರವಾಗಿ ಉತ್ತರ ಬರುತ್ತದೆ. ಕೊನೆಯ ಎರಡು ಸಾಲುಗಳು ಎದುರಿನವರಿಗೆ ಎಷ್ಟು ಬರೆಯಬೇಕು ಎಂಬ ಅಳತೆಯನ್ನೂ, ಬರೆಯದಿರುವ ಸ್ವಾತಂತ್ರ್ಯವನ್ನೂ ಕೊಡುತ್ತವೆ. "ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ" ಎಂದು ಮುಗಿಸುವ ರೂಢಿಯಿದೆ. ಅದರಲ್ಲಿ ಸಣ್ಣ ಒತ್ತಾಯ ಅಡಗಿದೆ, ಬಿಟ್ಟರೆ ಒಳ್ಳೆಯದು.

ಇಂಥ ಸಂದೇಶವನ್ನು ನೋಟ್ಸ್‌ನಲ್ಲಿ ಬರೆದು, ಒಮ್ಮೆ ಫೋನಿನ ಪರದೆಯಲ್ಲಿ ಓದಿ, ಆಮೇಲೆ ಅಂಟಿಸುವುದು ಕ್ಷೇಮ. ಸಂದೇಶದ ಪೆಟ್ಟಿಗೆಯಲ್ಲಿ Enter ಒತ್ತಿದರೆ ಸಾಲು ಬದಲಾಗುವ ಬದಲು ಸಂದೇಶವೇ ಹೋಗುವಂತೆ ಸೆಟ್ಟಿಂಗ್ ಇರಬಹುದು. "ನಮಸ್ಕಾರ ಮೇಡಂ," ಎಂಬಷ್ಟೇ ಹೋಗಿ, ಉಳಿದದ್ದು ನಾಲ್ಕು ತುಂಡಾಗಿ ತಲುಪುವುದನ್ನು ಬಹಳ ಸಲ ಕಂಡಿದ್ದೇವೆ. ಅಕಸ್ಮಾತ್ ತಪ್ಪು ಹೋದರೆ, ಕಳಿಸಿದ 60 ನಿಮಿಷದೊಳಗೆ ತಿದ್ದಬಹುದು ಅಥವಾ ಅಳಿಸಬಹುದು. ಒಬ್ಬರಿಗೆ ಬರೆದದ್ದನ್ನು ನಕಲು ಮಾಡಿ ಇನ್ನೊಬ್ಬರಿಗೆ ಕಳಿಸುವಾಗ ಹಳೆಯ ಹೆಸರು ಹಾಗೆಯೇ ಉಳಿದುಬಿಡುವುದು ಇಲ್ಲಿನ ಅತ್ಯಂತ ದುಬಾರಿ ತಪ್ಪು. ತಿದ್ದಿದರೂ ಓದಿಯಾಗಿರುತ್ತದೆ.

ಉತ್ತರ ಬಾರದಿದ್ದರೆ ತೊಡಕು ಎಲ್ಲಿದೆ ಎಂದು ಒಂದು ಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು. ಕೋರಿಕೆಯನ್ನೇ ಒಪ್ಪಿಲ್ಲವೆಂದರೆ ವ್ಯಕ್ತಿಯ ಆಯ್ಕೆ, ನಮ್ಮ ಪ್ರೊಫೈಲ್ ಅಥವಾ ಟಿಪ್ಪಣಿಯಲ್ಲಿ ಏನೋ ಹೊಂದಿಲ್ಲ, ಇಲ್ಲವೇ ಅವರು ಇನ್ನೂ ನೋಡೇ ಇಲ್ಲ. ಒಪ್ಪಿ ಸುಮ್ಮನಾದರು ಎಂದರೆ ಸಾಮಾನ್ಯವಾಗಿ ಪ್ರಶ್ನೆ ಭಾರವಾಗಿದೆ ಎಂದರ್ಥ. ಆಗ ಟಿಪ್ಪಣಿಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಪ್ರಶ್ನೆಯನ್ನು ಸಣ್ಣದು ಮಾಡಬೇಕು. ಒಬ್ಬರ ಮೌನದಿಂದ ಏನನ್ನೂ ತೀರ್ಮಾನಿಸಲಾಗದು. ಬೇರೆ ಬೇರೆಯವರಿಗೆ ಬರೆದ ಏಳೆಂಟು ಸಂದೇಶಗಳು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಆ ಜಾಗವನ್ನು ನೋಡಬೇಕು. ಒಪ್ಪದ ಕೋರಿಕೆ ಆರು ತಿಂಗಳಿಗೆ ತಾನಾಗಿ ರದ್ದಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೋರಿಕೆ ತಿರಸ್ಕರಿಸುವಾಗ "ಈ ವ್ಯಕ್ತಿ ನನಗೆ ಗೊತ್ತಿಲ್ಲ" ಎಂದು ತಿಳಿಸುವ ಅವಕಾಶ ಅವರಿಗಿದೆ. ಹಲವರು ಹಾಗೆ ಮಾಡಿದರೆ ಮುಂದೆ ಕೋರಿಕೆ ಕಳಿಸುವುದಕ್ಕೇ ನಿರ್ಬಂಧ ಬೀಳಬಹುದು. ಒಂದೇ ದಿನ ಐವತ್ತು ಜನರಿಗೆ ಒಂದೇ ಟಿಪ್ಪಣಿ ಕಳಿಸುವವರಿಗೆ ಇದು ಆಗುತ್ತದೆ.

ನೆನಪಿಸುವ ಸಂದೇಶ ಒಂದೇ ಒಂದು, ಅದೂ ಎಂಟು ಹತ್ತು ದಿನ ಬಿಟ್ಟು. "ನನ್ನ ಸಂದೇಶ ನೋಡಿದಿರಾ?" ಎಂದು ಬರೆದರೆ ಲೆಕ್ಕ ಕೇಳಿದಂತಾಗುತ್ತದೆ. ಅಷ್ಟರಲ್ಲಿ ನಾವು ಒಂದು ಹೆಜ್ಜೆ ಇಟ್ಟಿದ್ದರೆ ಅದನ್ನೇ ಹೇಳಬಹುದು: "ಸದ್ಯಕ್ಕೆ ಅಳತೆ ತೆಗೆಯುವುದರಿಂದಲೇ ಶುರುಮಾಡಿದ್ದೇನೆ ಮೇಡಂ. ಇದು ತಪ್ಪು ದಾರಿ ಅನ್ನಿಸಿದರೆ ಒಂದು ಮಾತು ತಿಳಿಸಿ." ಜನರಿಗೆ ಉತ್ತರ ಹುಡುಕುವುದಕ್ಕಿಂತ ಬೇರೆಯವರ ನಿರ್ಧಾರ ಸರಿಯೋ ತಪ್ಪೋ ಹೇಳುವುದು ಸುಲಭ. ಇದಕ್ಕೂ ಮೌನವಾದರೆ ಅಲ್ಲಿಗೆ ನಿಲ್ಲಿಸಬೇಕು. ಅದೇ ವ್ಯಕ್ತಿಯನ್ನು ಬೇರೆ ತಾಣದಲ್ಲೋ ಫೋನಿನಲ್ಲೋ ಹುಡುಕಿಕೊಂಡು ಹೋಗುವುದು ಅವರ ಖಾಸಗಿತನಕ್ಕೆ ಕೈ ಹಾಕಿದಂತೆ.

ಈ ಪ್ರಕರಣದಲ್ಲಿ ಉತ್ತರ ಬಂತು, ಎರಡೇ ಸಾಲು: ಮೊದಲು ಅಳತೆ ಕಲಿಯಿರಿ, ಅಳತೆ ತಪ್ಪಿದ್ದರೆ ಪೈಥಾನ್ ಆ ತಪ್ಪನ್ನು ಸರಿಪಡಿಸುವುದಿಲ್ಲ, ಹೆಚ್ಚಿಗೆ ಬೇಕಿದ್ದರೆ ನಮ್ಮ ತಂಡದ ಇಂಥವರನ್ನು ಕೇಳಿ. ಇಂಜಿನಿಯರ್ ಕೈ ತಕ್ಷಣ ರೆಸ್ಯೂಮೆ ಕಡೆ ಹೋಯಿತು, ತಡೆದೆವು. ಅದೇ ದಿನ ಹೋಗಬೇಕಾದದ್ದು ಚಿಕ್ಕ ಧನ್ಯವಾದ, ಮತ್ತು ಒಂದು ಅನುಮತಿ: "ಅವರಿಗೆ ಬರೆಯುವಾಗ ನಿಮ್ಮ ಹೆಸರು ಹೇಳಬಹುದೇ ಮೇಡಂ?" ಕೇಳದೆ ಹೆಸರು ಬಳಸಿದರೆ, ಆ ಮಹಿಳೆ ತಮಗೆ ಗೊತ್ತಿಲ್ಲದ ವ್ಯಕ್ತಿಗೆ ಶಿಫಾರಸು ಮಾಡಿದಂತಾಗುತ್ತದೆ. "ಹೇಳಿ" ಎಂಬ ಉತ್ತರ ಬಂದ ಮೇಲೆ ಎರಡನೆಯ ವ್ಯಕ್ತಿಗೆ ಹೋಗುವ ಟಿಪ್ಪಣಿಯ ಮೊದಲ ಸಾಲು ಅವರ ಹೆಸರಿನಿಂದಲೇ ಶುರುವಾಗಬೇಕು. ಅಲ್ಲಿ "ನನ್ನನ್ನು ಶಿಫಾರಸು ಮಾಡಿದ್ದಾರೆ" ಎಂದು ಬರೆಯಬಾರದು, "ನಿಮ್ಮನ್ನು ಕೇಳಲು ಹೇಳಿದರು" ಎಂದಷ್ಟೇ ಬರೆಯಬೇಕು. ಆ ಮಹಿಳೆ ಹೇಳಿದ್ದು ಅಷ್ಟೇ.